ಯಾರಿಗೆ ಮೊದಲು ಫೋನ್ ಮಾಡಬೇಕು? ಲೀಡ್‌ಗಳಿಗೆ ಅಂಕ ಕೊಟ್ಟ ನಮ್ಮ ಅನುಭವ

ನಮ್ಮದು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಮಾರುವುದು ಒಂದೇ ಸಾಫ್ಟ್‌ವೇರ್, ಜಾಬ್ ವರ್ಕ್ ಲೆಕ್ಕ ಇಡುವಂಥದ್ದು. ಬೆಳಗಾವಿ, ಶಿವಮೊಗ್ಗ, ಕೊಲ್ಹಾಪುರ, ಕೊಯಮತ್ತೂರಿನ ಫೌಂಡ್ರಿಗಳು, ಪೀಣ್ಯದ ಮಷಿನ್ ಶಾಪ್‌ಗಳು ತಮ್ಮ ಮಾಲನ್ನು ಹೊರಗೆ ಕಳಿಸಿ ಕೆಲಸ ಮಾಡಿಸುತ್ತವೆ. ಮಷಿನಿಂಗ್ ಒಬ್ಬರ ಹತ್ತಿರ, ಪ್ಲೇಟಿಂಗ್ ಇನ್ನೊಬ್ಬರ ಹತ್ತಿರ. ಮಾಲು ಡೆಲಿವರಿ ಚಲನ್ ಮೇಲೆ ಹೋಗುತ್ತದೆ. ಹಾಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು. ಎರಡೂ ಆಗದಿದ್ದರೆ ಜಿಎಸ್‌ಟಿ ಕಾಯ್ದೆ ಅದನ್ನು ಕಳಿಸಿದ ದಿನವೇ ಮಾರಿದ್ದು ಎಂದು ಲೆಕ್ಕ ಹಾಕಿ ತೆರಿಗೆ ಕೇಳುತ್ತದೆ. ಎಷ್ಟು ಹೋಯಿತು, ಎಷ್ಟು ಬಂತು, ಎಷ್ಟು ಚೂರಾಯಿತು ಎನ್ನುವ ಲೆಕ್ಕ ಬಹಳ ಕಾರ್ಖಾನೆಗಳಲ್ಲಿ ಸ್ಟೋರ್‌ ಕೀಪರ್‌ನ ನೋಟ್‌ಬುಕ್ಕಿನಲ್ಲೇ ಇರುತ್ತದೆ. ಆ ನೋಟ್‌ಬುಕ್ಕಿನ ಜಾಗಕ್ಕೆ ನಾವು ಹೋಗುತ್ತೇವೆ.

ಫೋನ್ ಮಾಡಿ ಮಾರುವವರು ಇಬ್ಬರೇ. ಲೀಡ್, ಅಂದರೆ ಕೊಳ್ಳಬಹುದು ಅಂತ ವಿಚಾರಿಸಿದವರ ಹೆಸರು, ಬರುವ ದಾರಿ ಮಾತ್ರ ಹಲವು: ವೆಬ್‌ಸೈಟ್ ಫಾರ್ಮ್, ವಾಟ್ಸ್ಆ್ಯಪ್, ವೆಬಿನಾರ್, ವ್ಯಾಪಾರಿ ತಾಣಗಳಿಗೆ ದುಡ್ಡು ಕೊಟ್ಟು ಪಡೆಯುವ ವಿಚಾರಣೆಗಳು. ಇಬ್ಬರೂ ಪಟ್ಟಿಯ ಮೇಲಿನಿಂದ ಕೆಳಕ್ಕೆ ಫೋನ್ ಮಾಡುತ್ತಿದ್ದರು, ಅಂದರೆ ಕೊನೆಗೆ ಬಂದವರಿಗೆ ಮೊದಲು. ನಿಜವಾಗಿ ಕೊಳ್ಳುವ ಫೌಂಡ್ರಿಯವರ ಸರದಿ ಬರುವಷ್ಟರಲ್ಲಿ ಅವರು ಬೇರೆಯವರ ಡೆಮೊ ನೋಡಿ ಮುಗಿಸಿರುತ್ತಿದ್ದರು. ಪಟ್ಟಿಯ ಕ್ರಮ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಲೀಡ್ ಸ್ಕೋರಿಂಗ್ ಅಂತ ಹುಡುಕಿದರೆ ಸಿದ್ಧ ಮಾದರಿಗಳು ಬೇಕಾದಷ್ಟು ಸಿಗುತ್ತವೆ. ಬಹಳಷ್ಟರಲ್ಲಿ ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಮಾಡುತ್ತಾರೆ. ಕಂಪನಿ ದೊಡ್ಡದಾದರೆ ಇಷ್ಟು, ಗೈಡ್ ಡೌನ್‌ಲೋಡ್ ಮಾಡಿದರೆ ಇಷ್ಟು, ಜಿಮೇಲ್ ವಿಳಾಸವಿದ್ದರೆ ಹತ್ತು ಕಡಿಮೆ. ಜಿಮೇಲ್ ನಿಯಮ ನೋಡಿ ನಗು ಬಂತು. ನಮ್ಮ ಕಡೆ ವರ್ಷಕ್ಕೆ ಹಲವು ಕೋಟಿ ವ್ಯವಹಾರ ಮಾಡುವ ಕಾರ್ಖಾನೆ ಮಾಲೀಕರೂ ಜಿಮೇಲ್‌ನಲ್ಲೇ ಇರುತ್ತಾರೆ. ಕಂಪನಿ ಹೆಸರಿನ ಇಮೇಲ್ ಇರುವವರು ಎಷ್ಟೋ ಸಲ ನಮ್ಮಂಥದ್ದೇ ಸಾಫ್ಟ್‌ವೇರ್ ಮಾರುವವರು, ಅಥವಾ ನಮಗೇ ಏನೋ ಮಾರಲು ಬಂದವರು.

ಅದಕ್ಕಿಂತ ದೊಡ್ಡ ತೊಂದರೆ ಕೂಡಿಸುವುದರಲ್ಲೇ ಇದೆ. ಆ ಮಾದರಿಯಲ್ಲಿ ಇಬ್ಬರನ್ನು ಇಟ್ಟು ನೋಡಿ. ಒಬ್ಬಳು ಪ್ರಾಜೆಕ್ಟ್ ಬರೆಯುತ್ತಿರುವ ಎಂಬಿಎ ವಿದ್ಯಾರ್ಥಿನಿ. ನಾಲ್ಕು ಗೈಡ್ ಇಳಿಸಿಕೊಂಡಿದ್ದಾಳೆ, ವೆಬಿನಾರ್ ಪೂರ್ತಿ ಕೂತು ನೋಡಿದ್ದಾಳೆ, ಬೆಲೆ ಪುಟವನ್ನೂ ನೋಡಿದ್ದಾಳೆ. ಚಟುವಟಿಕೆಗೆ 45, ಕಂಪನಿಗೆ 0. ಇನ್ನೊಬ್ಬರು ಒಂದು ಒಳ್ಳೆಯ ಫೌಂಡ್ರಿಯವರು, ಸುಮ್ನೆ ಒಮ್ಮೆ ಬಂದು ನೋಡಿ ಹೋದರು. ಕಂಪನಿಗೆ 40, ಚಟುವಟಿಕೆಗೆ 5. ಇಬ್ಬರದ್ದೂ 45. ಆದರೆ ಒಬ್ಬರಿಗೆ ಫೋನೇ ಬೇಕಿಲ್ಲ. ಇನ್ನೊಬ್ಬರಿಗೆ ಫೋನ್ ಬೇಕು, ಆದರೆ ಅವಸರ ಬೇಡ. ಫೋನ್ ಮಾಡುವವರಿಗೆ 45 ಅಂತ ಕಂಡರೆ ಅದರಿಂದ ಏನೂ ತಿಳಿಯುವುದಿಲ್ಲ.

ಹಾಗಾಗಿ ಎರಡು ಪ್ರಶ್ನೆಗಳನ್ನು ಕೊನೆತನಕ ಬೇರೆಬೇರೆಯಾಗಿಯೇ ಇಟ್ಟೆವು. ಇವರು ನಮ್ಮ ಗಿರಾಕಿ ಆಗಬಲ್ಲವರೇ? ಇದು ಫಿಟ್, ಇದಕ್ಕೆ ಎ, ಬಿ, ಸಿ. ಇವರಿಗೆ ಈಗ ಬೇಕಾಗಿದೆಯೇ? ಇದು ಇಂಟೆಂಟ್, ಇದಕ್ಕೆ 1, 2, 3. ಪ್ರತಿ ಲೀಡ್ ಮೇಲೂ ಎ1, ಬಿ2 ಅಂತ ಒಂದು ಅಕ್ಷರ, ಒಂದು ಅಂಕಿ.

ಮೊದಲು ಫಿಟ್. ನಮ್ಮ ಹಳೆಯ ಗಿರಾಕಿಗಳ ಪಟ್ಟಿ ಮುಂದಿಟ್ಟುಕೊಂಡು, ಮೂರನೇ ವರ್ಷವೂ ನವೀಕರಿಸಿದವರಲ್ಲಿ ಏನು ಸಮಾನ ಅಂತ ನೋಡಿದೆವು. ಕೊಂಡವರನ್ನೆಲ್ಲ ಅಲ್ಲ, ಉಳಿದವರನ್ನು. ಒಂದು ವರ್ಷಕ್ಕೆ ಬಿಟ್ಟು ಹೋಗುವವರನ್ನು ಹುಡುಕಿ ತರುವ ಯಂತ್ರ ಕಟ್ಟಿ ಏನು ಪ್ರಯೋಜನ? ಉಳಿದವರಲ್ಲಿ ಮೂರು ವಿಷಯ ಕಂಡಿತು. ಮಾಲನ್ನು ನಿಯಮಿತವಾಗಿ ಹೊರಗೆ ಕೆಲಸಕ್ಕೆ ಕಳಿಸುತ್ತಾರೆ. ವ್ಯವಹಾರ ಒಂದು ಮಟ್ಟ ದಾಟಿದೆ. ಅಕೌಂಟ್ಸ್ ಟ್ಯಾಲಿಯಲ್ಲಿದೆ, ಏಕೆಂದರೆ ನಮ್ಮ ಸಾಫ್ಟ್‌ವೇರ್ ಅದಕ್ಕೆ ಜೋಡಿಸಿಕೊಳ್ಳುತ್ತದೆ.

ಎರಡನೆಯದನ್ನು ಕೇಳುವುದೇ ಕಷ್ಟ. ಫಾರ್ಮಿನಲ್ಲಿ ವಾರ್ಷಿಕ ವಹಿವಾಟು ಎಷ್ಟು ಅಂತ ಕೇಳಿದರೆ ಕೆಲವರು ಖಾಲಿ ಬಿಡುತ್ತಾರೆ, ಕೆಲವರು ಬಾಯಿಗೆ ಬಂದದ್ದು ತುಂಬುತ್ತಾರೆ, ಇನ್ನು ಕೆಲವರು ಫಾರ್ಮ್ ಮುಚ್ಚಿ ಹೋಗುತ್ತಾರೆ. ಬದಲಿಗೆ ನಾವು ಕೇಳಿದ್ದು: "ನೀವು ಇ-ಇನ್ವಾಯ್ಸ್ ಮಾಡುತ್ತೀರಾ?" ಇದಕ್ಕೆ ಯಾರೂ ಹಿಂಜರಿಯುವುದಿಲ್ಲ. 2023ರ ಆಗಸ್ಟ್ 1ರಿಂದ, ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್ವಾಯ್ಸ್ ಕಡ್ಡಾಯ. 2017-18ರಿಂದೀಚೆಗೆ ಯಾವ ಒಂದು ವರ್ಷದಲ್ಲಿ ದಾಟಿದ್ದರೂ ಸಾಕು. ಹೌದು ಅಂದರೆ ಗಾತ್ರ ಗೊತ್ತಾಯಿತು. ಹಳೆಯದೊಂದು ವರ್ಷದಲ್ಲಿ 5 ಕೋಟಿ ದಾಟಿ ಈಗ ಇಳಿದವರೂ ಹೌದು ಅನ್ನುತ್ತಾರೆ, ಅಷ್ಟು ಸಡಿಲ ಇದ್ದೇ ಇದೆ.

ಉಳಿದದ್ದನ್ನು ಜಿಎಸ್‌ಟಿ ನಂಬರ್ ಹೇಳುತ್ತದೆ. ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯ: 29 ಕರ್ನಾಟಕ, 27 ಮಹಾರಾಷ್ಟ್ರ, 33 ತಮಿಳುನಾಡು. ನಂತರದ ಹತ್ತು ಪ್ಯಾನ್. ಆ ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿದರೆ ಒಬ್ಬರದೇ ಮಾಲೀಕತ್ವವೋ, ಪಾಲುದಾರಿಕೆಯೋ, ಕಂಪನಿಯೋ ತಿಳಿಯುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದೇ ನಂಬರ್ ಹಾಕಿದರೆ ಹೆಸರು, ನೋಂದಣಿ ದಿನಾಂಕ, ಯಾವ ಬಗೆಯ ವ್ಯವಹಾರ ಎಲ್ಲ ಯಾರಿಗಾದರೂ ಕಾಣುತ್ತದೆ. ಕಾರ್ಖಾನೆ ಅಂತ ಇದೆಯೋ, ಬರೀ ಅಂಗಡಿಯೋ, ಸೇವೆಯೋ ಅಲ್ಲೇ ಗೊತ್ತಾಗುತ್ತದೆ. ಜಿಎಸ್‌ಟಿ ನಂಬರ್ B2ನಲ್ಲಿದ್ದರೆ ಗೂಗಲ್ ಶೀಟಿನಲ್ಲಿ ಇಷ್ಟೇ ಸೂತ್ರ:

```
=LEFT(B2,2)      
=MID(B2,3,10)    
=MID(B2,6,1)     
```

ಮೊದಲನೆಯದು ರಾಜ್ಯ, ಎರಡನೆಯದು ಪ್ಯಾನ್, ಮೂರನೆಯದು ಯಾವ ಬಗೆಯ ಸಂಸ್ಥೆ. P ಬಂದರೆ ಸಾಮಾನ್ಯವಾಗಿ ಮಾಲೀಕರೇ ಫೋನ್ ಎತ್ತುತ್ತಾರೆ. F ಪಾಲುದಾರಿಕೆ, ಅಲ್ಲಿ ಅಣ್ಣ ಹೂಂ ಅಂದರೂ ತಮ್ಮನನ್ನು ಕೇಳಬೇಕು. C ಬಂದರೆ ಖರೀದಿ ವಿಭಾಗ, ಕೊಟೇಶನ್, ಕಾಯುವುದು. ಇದಕ್ಕೆ ಅಂಕ ಕೊಡಲಿಲ್ಲ. ಮಾತನಾಡುವ ರೀತಿ ಬದಲಾಗುತ್ತದೆ ಅಷ್ಟೆ.

ಮೂರಕ್ಕೂ ಹೌದು ಅಂದರೆ ಎ. ಹೊರಗೆ ಕೆಲಸ ಕೊಡುತ್ತಾರೆ, ಉಳಿದೆರಡರಲ್ಲಿ ಒಂದು ಹೌದು ಅಂದರೆ ಬಿ. ಹೊರಗೆ ಕೆಲಸ ಕೊಡುವುದೇ ಇಲ್ಲ, ಅಥವಾ ಉಳಿದೆರಡೂ ಇಲ್ಲ ಅಂದರೆ ಸಿ. ಉತ್ತರ ಗೊತ್ತಿಲ್ಲದಿದ್ದರೆ? ಹೆಚ್ಚಿನ ಶೀಟುಗಳು ಇಲ್ಲಿ ಜಾರುತ್ತವೆ. ಖಾಲಿ ಮನೆಯನ್ನು ಸೊನ್ನೆ ಅಂತ ಓದಿದರೆ, ಫಾರ್ಮ್ ತುಂಬುವ ವ್ಯವಧಾನ ಇಲ್ಲದ ಮಾಲೀಕರೆಲ್ಲ ಸಿ ಗುಂಪಿಗೆ ಬೀಳುತ್ತಾರೆ. ಅವರೇ ಅಲ್ವಾ ಜಾಸ್ತಿ ಬ್ಯುಸಿ ಇರುವವರು! ನಾವು ಖಾಲಿ ಇದ್ದದ್ದಕ್ಕೆ ಬಿ ಕೊಟ್ಟು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆವು. ಅವರಿಗೆ ಮೊದಲು ವಾಟ್ಸ್ಆ್ಯಪ್‌ನಲ್ಲಿ ಒಂದೇ ಪ್ರಶ್ನೆ ಹೋಗುತ್ತದೆ: ಮಾಲು ಹೊರಗೆ ಕೊಡುತ್ತೀರಾ ಸರ್?

ಇಂಟೆಂಟ್ ಇದಕ್ಕಿಂತ ಕಷ್ಟದ ಕೆಲಸ. ಯಾವ ನಡೆಗೆ ಎಷ್ಟು ಅಂಕ ಅಂತ ಊಹಿಸುವ ಬದಲು ಹಳೆಯ ಲೀಡ್‌ಗಳನ್ನೇ ಕೇಳಿದೆವು. ವಿಧಾನ ಸರಳ. ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ. 400 ಲೀಡ್‌ನಲ್ಲಿ 24 ಜನ ಕೊಂಡರು ಅಂದುಕೊಳ್ಳಿ, ಅಂದರೆ ನೂರಕ್ಕೆ 6. ಈಗ ಒಂದೊಂದು ನಡೆಯನ್ನೂ ಬೇರೆಯಾಗಿ ನೋಡಿ. ಗೈಡ್ ಇಳಿಸಿಕೊಂಡವರು 150, ಅವರಲ್ಲಿ ಕೊಂಡವರು 9. ಇಲ್ಲೂ ನೂರಕ್ಕೆ 6. ಅಂದರೆ ಗೈಡ್ ಇಳಿಸಿಕೊಂಡರೂ ಒಂದೇ, ಬಿಟ್ಟರೂ ಒಂದೇ. ಅದಕ್ಕೆ 0 ಅಂಕ. ಆದರೆ "ನಮ್ಮ ಹಳೆ ಸ್ಟಾಕ್, ಹೊರಗೆ ಬಾಕಿ ಇರೋ ಚಲನ್ ಎಲ್ಲ ಇದರೊಳಗೆ ಹಾಕಬಹುದಾ?" ಅಂತ ಕೇಳಿದವರು 40, ಕೊಂಡವರು 10. ನೂರಕ್ಕೆ 25, 6ರ ನಾಲ್ಕರಷ್ಟಕ್ಕೂ ಮೇಲೆ.

ಯಾಕೆ ಅಂತ ಯೋಚಿಸಿದರೆ ಆಶ್ಚರ್ಯವಿಲ್ಲ. ಹಳೆಯ ಬಾಕಿಯನ್ನು ಹೊಸದರೊಳಗೆ ಹೇಗೆ ತರುವುದು ಅಂತ ಕೇಳುವವರು ಮನಸ್ಸಿನಲ್ಲಿ ಆಗಲೇ ಸಾಫ್ಟ್‌ವೇರ್ ಹಾಕಿಸಿಕೊಂಡಿರುತ್ತಾರೆ. ಬೆಲೆ ಎಷ್ಟು ಅಂತ ಕೇಳುವುದಕ್ಕೆ ಅಂಥ ಯೋಚನೆ ಏನೂ ಬೇಕಿಲ್ಲ.

ಇಲ್ಲಿ ಒಂದು ಬಲೆ ಇದೆ. ಬೆಲೆ ಪುಟ ನೋಡಿದವರ ಲೆಕ್ಕ ತೆಗೆದಾಗ, ಕೊಂಡ 24 ಜನರಲ್ಲಿ 20 ಜನ ನೋಡಿದ್ದರು ಅಂತ ಬಂತು ಅನ್ನಿ. ಅಬ್ಬಾ, ಎಂಥಾ ಸೂಚನೆ! ಆದರೆ ನಮ್ಮವರು ಫೋನ್‌ನಲ್ಲಿ ಮಾತನಾಡಿದ ಮೇಲೆ ತಾವೇ ಬೆಲೆ ಪುಟದ ಲಿಂಕ್ ಕಳಿಸುತ್ತಾರೆ. ಕೊಳ್ಳುವ ಹಂತಕ್ಕೆ ಬಂದವರು ಅದನ್ನು ತೆರೆಯದೆ ಇನ್ನೇನು ಮಾಡುತ್ತಾರೆ? ಮೊದಲ ಫೋನ್‌ಗೆ ಮುಂಚಿನ ನಡೆಗಳನ್ನು ಮಾತ್ರ ಉಳಿಸಿಕೊಂಡು ಲೆಕ್ಕ ಮಾಡಿದರೆ 80 ಜನ ನೋಡಿದವರು, 8 ಜನ ಕೊಂಡವರು. ನೂರಕ್ಕೆ 10. ಒಳ್ಳೆಯದೇ, ಆದರೆ ಅಬ್ಬಾ ಅನ್ನುವಂಥದ್ದಲ್ಲ. ಯಾವ ನಡೆ ಯಾವ ತಾರೀಖಿನದು ಅಂತ ದಾಖಲೆ ಇಲ್ಲದಿದ್ದರೆ ಈ ಲೆಕ್ಕವನ್ನು ಮಾಡಲೇಬಾರದು. ಇಪ್ಪತ್ತಕ್ಕಿಂತ ಕಡಿಮೆ ಲೀಡ್ ಇರುವ ಸೂಚನೆಗೂ ನಾವು ಅಂಕ ಕೊಡಲಿಲ್ಲ. ಒಬ್ಬರು ಹೆಚ್ಚು ಕೊಂಡರೆ ಸಾಕು, ಅಂಥದ್ದು ತಲೆಕೆಳಗಾಗುತ್ತದೆ.

ಇಮೇಲ್ ತೆರೆದರೋ ಇಲ್ಲವೋ ಅನ್ನುವುದನ್ನು ಪೂರ್ತಿ ಕೈಬಿಟ್ಟೆವು. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಗೌಪ್ಯತೆಯ ಹೊಸ ವ್ಯವಸ್ಥೆ ತಂದ ಮೇಲೆ, ಓದುವವರು ತೆರೆಯದಿದ್ದರೂ ಚಿತ್ರಗಳು ಮೊದಲೇ ಇಳಿದುಬಿಡುತ್ತವೆ. ಚಿತ್ರ ಇಳಿದರೆ ತೆರೆದರು ಅಂತ ಎಣಿಸುವ ನಮ್ಮ ಕಡೆಯ ಲೆಕ್ಕದಲ್ಲಿ ಅದು ತೆರೆದಂತೆಯೇ ಕಾಣುತ್ತದೆ.

ಕೊನೆಗೆ ಉಳಿದದ್ದು ನಾಲ್ಕೇ. ಹಳೆ ಸ್ಟಾಕ್ ಬಗ್ಗೆ ಕೇಳಿದರೆ 25, ಡೆಮೊ ಕೇಳಿದರೆ 20, ಬೆಲೆ ಪುಟಕ್ಕೆ 10, ವೆಬಿನಾರ್ ಕೊನೆತನಕ ನೋಡಿದರೆ 5. ಒಟ್ಟು 30 ಮುಟ್ಟಿದರೆ 1, ಹತ್ತರಿಂದ ಮೂವತ್ತರೊಳಗೆ 2, ಅದಕ್ಕಿಂತ ಕೆಳಗೆ 3.

ಈ ಅಂಕ ಹಳಸಬೇಕು. ಮಾರ್ಚ್‌ನಲ್ಲಿ ಡೆಮೊ ಕೇಳಿ ಸುಮ್ಮನಾದವರು ಜೂನ್‌ನಲ್ಲಿ ಪಟ್ಟಿಯ ಮೇಲೆ ಕೂತಿದ್ದರೆ ಅದು ಸುಳ್ಳು ಲೆಕ್ಕ. ವಾರಕ್ಕೊಮ್ಮೆ ಅರ್ಧ ಆಗುವ ಹಾಗೆ ಮಾಡಿದೆವು. `log` ಅನ್ನುವ ಹಾಳೆಯಲ್ಲಿ ಪ್ರತಿ ನಡೆಗೂ ಒಂದು ಸಾಲು: ಯಾರು, ಯಾವ ದಿನ, ಎಷ್ಟು ಅಂಕ. ಮುಖ್ಯ ಹಾಳೆಯಲ್ಲಿ ಇದು:

```
=SUMPRODUCT((log!$A$2:$A$5000=A2)
 *log!$C$2:$C$5000
 *0.5^((TODAY()-log!$B$2:$B$5000)/7))
```

ಒಂದು ವಾರವೇ ಯಾಕೆ? ನಮ್ಮ ಸಾಫ್ಟ್‌ವೇರ್ ಕೊಳ್ಳುವವರು ಬೇಗ ತೀರ್ಮಾನ ಮಾಡುತ್ತಾರೆ. ತಿಂಗಳುಗಟ್ಟಲೆ ಯೋಚಿಸಿ ಕೊಳ್ಳುವ ದೊಡ್ಡ ಸಾಫ್ಟ್‌ವೇರ್ ಮಾರುವವರಿಗೆ ಒಂದು ತಿಂಗಳು ಬೇಕಾದೀತು. ಮೊದಲ ವಿಚಾರಣೆಗೂ ದುಡ್ಡು ಬಂದದ್ದಕ್ಕೂ ಎಷ್ಟು ಅಂತರ ಅಂತ ನಿಮ್ಮ ಹಳೆಯ ಬಿಲ್ಲುಗಳಲ್ಲಿ ನೋಡಿ, ಅದೇ ಅಳತೆ.

ಸೂತ್ರದಲ್ಲಿ "ಯಾರು" ಅನ್ನುವುದು ಫೋನ್ ನಂಬರ್ ಅಲ್ಲ, ಪ್ಯಾನ್. ಅದಕ್ಕೊಂದು ಕಾರಣ ಇದೆ. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯ ಉದಾಹರಣೆ ಹೇಳುತ್ತೇನೆ. ಅಲ್ಲಿನ ಸ್ಟೋರ್ ಕೀಪರ್ ನಮ್ಮ ಗೈಡ್ ಇಳಿಸಿಕೊಂಡರು, ಫಾರ್ಮಿನಲ್ಲಿ ಕಾರ್ಖಾನೆಯ ಜಿಎಸ್‌ಟಿ ನಂಬರ್ ಹಾಕಿದರು, ಬೆಲೆ ಪುಟ ನೋಡಿದರು. ಗೈಡಿಗೆ 0, ಬೆಲೆ ಪುಟಕ್ಕೆ 10. ಒಂದು ವಾರದ ನಂತರ ಅದು 5 ಆಯಿತು. ಆ ದಿನ ಬೇರೆ ನಂಬರಿನಿಂದ ವಾಟ್ಸ್ಆ್ಯಪ್ ಬಂತು. ಮಾಲೀಕರ ಮಗ. "ಹೊರಗಿರೋ ಹಳೆ ಚಲನ್ ಎಲ್ಲಾ ಇದರಾಗ ಹಾಕಾಕ ಬರ್ತದೇನ್ರೀ? ಕೊಟೇಶನ್ ಕಳಸ್ರಿ," ಅಂತ ಜಿಎಸ್‌ಟಿ ನಂಬರೂ ಕಳಿಸಿದ್ದರು. ಇದಕ್ಕೆ 25.

ಫೋನ್ ನಂಬರ್ ಹಿಡಿದು ನೋಡಿದರೆ ಇವರು ಇಬ್ಬರು. ಒಬ್ಬರದ್ದು 5, ಅಂದರೆ 3. ಇನ್ನೊಬ್ಬರದ್ದು 25, ಅಂದರೆ 2. ಇಬ್ಬರೂ ಮೇಲೆ ಬರುವುದಿಲ್ಲ. ಪ್ಯಾನ್ ಹಿಡಿದು ನೋಡಿದರೆ ಒಂದೇ ಕಾರ್ಖಾನೆ, ಒಟ್ಟು 30, ಇಂಟೆಂಟ್ 1. ಕೆಳಗಿನವರು ನೋಡಿ ಹೇಳಿದ್ದಾರೆ, ಮೇಲಿನವರು ಕೇಳುತ್ತಿದ್ದಾರೆ. ಇ-ಇನ್ವಾಯ್ಸ್ ಇದೆ, ಟ್ಯಾಲಿ ಇದೆ, ಹೊರಗೆ ಕೆಲಸ ಕೊಡುತ್ತಾರೆ. ಎ1. ಅದೇ ವಾರ ಆ ಎಂಬಿಎ ವಿದ್ಯಾರ್ಥಿನಿಯ ಲೆಕ್ಕ ಹಾಕಿದರೆ ವೆಬಿನಾರ್ 5, ಬೆಲೆ ಪುಟ 10, ಫಿಟ್ ಸಿ. ಸಿ2. ಅವಳಿಗೆ ಒಂದು ಒಳ್ಳೆಯ ಇಮೇಲ್ ಹೋಯಿತು, ಫೋನ್ ಹೋಗಲಿಲ್ಲ.

ಪ್ಯಾನ್ ಗೊತ್ತಿಲ್ಲದವರಿಗೆ ಫೋನ್ ನಂಬರಿನ ಕೊನೆಯ ಹತ್ತು ಅಂಕಿ. ಒಂದು ಕಡೆ +91 ಇರುತ್ತದೆ, ಇನ್ನೊಂದು ಕಡೆ ಮುಂದೆ ಸೊನ್ನೆ, ಮತ್ತೊಂದು ಕಡೆ ನಡುವೆ ಜಾಗ. ಇದನ್ನು ಮೊದಲೇ ಸರಿ ಮಾಡದಿದ್ದರೆ ಒಬ್ಬರೇ ಮೂವರಾಗಿ ಕಾಣುತ್ತಾರೆ:

```
=RIGHT(REGEXREPLACE(TO_TEXT(D2),"\D",""),10)
```

ಕ್ರಮ ಹೀಗಿಟ್ಟೆವು. ಎ1 ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಫೋನ್. ನಂತರ ಬಿ1, ಎ2 ಅದೇ ದಿನ. ಬಿ2 ಮಾರನೇ ದಿನ. ಎ3 ಅವರಿಗೆ ವಾರದಲ್ಲಿ ಒಂದು ಸಲ, ಮಾರುವ ಮಾತಿಲ್ಲದೆ, ಈಗ ಲೆಕ್ಕ ಹೇಗೆ ಇಡುತ್ತಿದ್ದೀರಿ ಅಂತ ಕೇಳುವ ಫೋನ್. ಬಿ3 ಮತ್ತು ಸಿ ಎಲ್ಲರಿಗೂ ಮೆಸೇಜ್ ಮಾತ್ರ. ಜಗಳ ಆದದ್ದು ಸಿ1 ಬಗ್ಗೆ. "ಅವ್ರು ದುಡ್ಡು ಹಿಡ್ಕೊಂಡು ನಿಂತಾರ್ರೀ, ಯಾಕ ಬಿಡಬೇಕು?" ಅಂದರು ಇಬ್ಬರಲ್ಲಿ ಹಿರಿಯರು. ಅವರ ಮಾತಿನಲ್ಲೂ ಅರ್ಥವಿತ್ತು, ಅವರ ಕಮಿಷನ್ ಮಾರಾಟದ ಮೇಲೆ, ನವೀಕರಣದ ಮೇಲಲ್ಲ. ಸಿ1 ಅವರು ತಾವಾಗಿ ಕೊಂಡರೆ ಬೇಡ ಅನ್ನುವುದಿಲ್ಲ, ನಾವಾಗಿ ಫೋನ್ ಮಾಡುವುದಿಲ್ಲ ಅಂತ ಒಪ್ಪಂದವಾಯಿತು. ಕಮಿಷನ್ನಿನ ಒಂದು ಪಾಲು ನವೀಕರಣಕ್ಕೆ ಹೋದ ಮೇಲೆ ಆ ಜಗಳ ತಾನಾಗಿ ತಣ್ಣಗಾಯಿತು.

ಅಂಕವನ್ನು ಅವರಿಗೆ ತೋರಿಸುವುದೇ ಇಲ್ಲ ಈಗ. ಎ1 ಅನ್ನುವುದರ ಪಕ್ಕ "ಯಾಕೆ" ಅನ್ನುವ ಒಂದು ಕಾಲಂ ಇದೆ: ಹಳೆ ಚಲನ್ ಕೇಳಿದರು, ಸ್ಟೋರ್ ಕೀಪರ್ ಬೆಲೆ ನೋಡಿದ್ದಾರೆ, ಇ-ಇನ್ವಾಯ್ಸ್ ಇದೆ. ಫೋನ್ ಶುರುವಾಗುವುದೇ ಅಲ್ಲಿಂದ. "ಹೊರಗೆ ಬಾಕಿ ಇರುವ ಚಲನ್ ಸುಮಾರು ಎಷ್ಟಿದೆ ಸರ್?" ಅಂತ ಕೇಳಿದರೆ ಆ ಕಡೆಯವರು ಮಾತನಾಡುತ್ತಾರೆ. "ನಮ್ಮ ಸಾಫ್ಟ್‌ವೇರ್ ಬಗ್ಗೆ ಎರಡು ನಿಮಿಷ" ಅಂದರೆ ಮೀಟಿಂಗ್‌ನಲ್ಲಿದ್ದೇನೆ ಅನ್ನುತ್ತಾರೆ. ಕ್ರಮವನ್ನು ಮೀರಿ ಯಾರಿಗಾದರೂ ಮೊದಲು ಫೋನ್ ಮಾಡಬೇಕು ಅನಿಸಿದರೆ ಮಾಡಬಹುದು, ಕಾರಣ ಒಂದು ಸಾಲು ಬರೆಯಬೇಕು. ಆ ಸಾಲುಗಳನ್ನು ಓದುವುದು ನನಗೆ ಲಾಭವಾಯಿತು. "ಅಕೌಂಟೆಂಟ್ ಕೆಲಸ ಬಿಟ್ಟಿದ್ದಾರಂತೆ" ಅನ್ನುವುದು ಮತ್ತೆಮತ್ತೆ ಬಂತು. ಲೆಕ್ಕ ತಲೆಯಲ್ಲಿಟ್ಟುಕೊಂಡಿದ್ದವರು ಹೋದಾಗ ಕಾರ್ಖಾನೆಗೆ ಸಾಫ್ಟ್‌ವೇರ್ ನೆನಪಾಗುತ್ತದೆ. ವೆಬ್‌ಸೈಟಿನಲ್ಲಿ ಇದು ಎಂದೂ ಕಾಣುವುದಿಲ್ಲ. ಈಗ ಅದನ್ನೂ `log` ಹಾಳೆಯಲ್ಲಿ ಬರೆಯುತ್ತಾರೆ.

ಇದು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಎ1 ಅವರು ಹೆಚ್ಚು ಕೊಳ್ಳುತ್ತಿದ್ದಾರೆ ಅನ್ನುವುದು ಸಾಕ್ಷಿಯಲ್ಲ. ಅವರಿಗೆ ಬೇಗ ಫೋನ್ ಮಾಡುತ್ತೇವೆ, ಬೇಗ ಫೋನ್ ಮಾಡಿದರೆ ಯಾರಾದರೂ ಸ್ವಲ್ಪ ಜಾಸ್ತಿಯೇ ಕೊಳ್ಳುತ್ತಾರೆ. ಸ್ಕೋರ್ ತನ್ನನ್ನು ತಾನೇ ಸರಿ ಅಂತ ತೋರಿಸಿಕೊಳ್ಳುತ್ತದೆ. ಅದಕ್ಕೆ ಪ್ರತಿ ವಾರ ಕೆಳಗಿನ ಗುಂಪಿನಿಂದ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ ಎ1 ಪಟ್ಟಿಯೊಳಗೆ ಸೇರಿಸುತ್ತೇವೆ. ಫೋನ್ ಮಾಡುವವರಿಗೆ ಯಾರು ಯಾವ ಗುಂಪು ಅಂತ ಗೊತ್ತಾಗುವುದಿಲ್ಲ. ಆ ಪಟ್ಟಿಯಲ್ಲಿ ಅಕ್ಷರವನ್ನು ಮುಚ್ಚಿ "ಯಾಕೆ" ಕಾಲಂ ಮಾತ್ರ ಕೊಡುತ್ತೇವೆ. ಎರಡೂ ಗುಂಪಿಗೆ ಅಷ್ಟೇ ಬೇಗ ಫೋನ್ ಹೋದರೂ ಎ1 ಮುಂದಿದ್ದರೆ ಸ್ಕೋರ್‌ನಲ್ಲಿ ಹುರುಳಿದೆ. ಕಾಲಂ ಓದಿ ಒಂದಷ್ಟು ಊಹಿಸುತ್ತಾರೆ, ನಿಜ. ಪೂರ್ತಿ ಕುರುಡು ಪರೀಕ್ಷೆ ಸಣ್ಣ ಆಫೀಸಿನಲ್ಲಿ ಆಗುವುದಿಲ್ಲ.

ಈ ಚೀಟಿಯಿಂದಲೇ ಒಂದು ಗುಂಪು ಪೂರ್ತಿ ಕೆಳಗೆ ಬಿದ್ದಿರುವುದು ಕಂಡಿತು. ವ್ಯಾಪಾರಿ ತಾಣಗಳಿಂದ ಬರುವ ಲೀಡ್‌ಗಳು. ಅವರು ನಮ್ಮ ವೆಬ್‌ಸೈಟಿಗೇ ಬಂದಿರುವುದಿಲ್ಲ, ಹಾಗಾಗಿ ಬೆಲೆ ಪುಟ ಇಲ್ಲ, ವೆಬಿನಾರ್ ಇಲ್ಲ, ಇಂಟೆಂಟ್ ಯಾವಾಗಲೂ 3. ಆದರೆ ಚೀಟಿಯಲ್ಲಿ ಬಂದವರಲ್ಲಿ ಕೊಳ್ಳುವವರು ಇದ್ದರು. ಅದೇ ವಿಚಾರಣೆ ಬೇರೆ ಮಾರಾಟಗಾರರಿಗೂ ಹೋಗಿರುತ್ತದೆ, ತಡವಾದರೆ ಮುಗಿಯಿತು. ಈ ಗುಂಪಿಗೆ ಬೇರೆ ನಿಯಮ ಮಾಡಿದೆವು: ಅವರು ಬರೆದ ಸಾಲನ್ನೇ ಓದುವುದು. "ಸಾಫ್ಟ್‌ವೇರ್ ಬೇಕು" ಅಂತ ಮಾತ್ರ ಇದ್ದರೆ 3. ಎಷ್ಟು ಜನ ಬಳಸುತ್ತಾರೆ, ಎಷ್ಟು ಜಾಬ್ ವರ್ಕರ್ ಇದ್ದಾರೆ ಅಂತ ವಿವರ ಬರೆದಿದ್ದರೆ 1.

ಇನ್ನೊಂದು ಕಾಟ ಅಕ್ಟೋಬರ್ ಮತ್ತು ಏಪ್ರಿಲ್‌ದು. ಜಾಬ್ ವರ್ಕಿಗೆ ಹೋದ, ಬಂದ ಮಾಲಿನ ವಿವರ ಕೊಡುವ ಜಿಎಸ್‌ಟಿ ಫಾರ್ಮ್ ಐಟಿಸಿ-04 ಸಲ್ಲಿಸುವ ಗಡುವು 5 ಕೋಟಿ ದಾಟಿದವರಿಗೆ ಅಕ್ಟೋಬರ್ 25 ಮತ್ತು ಏಪ್ರಿಲ್ 25, ಉಳಿದವರಿಗೆ ವರ್ಷಕ್ಕೊಮ್ಮೆ ಏಪ್ರಿಲ್ 25. ಅದರ ಹಿಂದಿನ ವಾರಗಳಲ್ಲಿ ಬೆಲೆ ಪುಟದ ತನಕ ಜನವೋ ಜನ. ಬಹುಪಾಲು ಸಿಎ ಆಫೀಸಿನ ಹುಡುಗರು, ಆ ಒಂದು ಫಾರ್ಮ್ ಮುಗಿಸಲು ಏನಾದರೂ ಉಚಿತವಾಗಿ ಸಿಗುತ್ತಾ ಅಂತ ಹುಡುಕುತ್ತಿರುತ್ತಾರೆ. ಆ ವಾರಗಳಲ್ಲಿ ಬೆಲೆ ಪುಟದ ಅಂಕವನ್ನು ಅರ್ಧ ಮಾಡುತ್ತೇವೆ. ಹಳೆ ಸ್ಟಾಕ್ ಪ್ರಶ್ನೆಯ ಅಂಕವನ್ನು ಮುಟ್ಟುವುದಿಲ್ಲ, ಅದನ್ನು ಗಡುವಿನ ಅವಸರದಲ್ಲಿ ಯಾರೂ ಕೇಳುವುದಿಲ್ಲ. ಗಡುವು ಮುಗಿದು ಎರಡು ವಾರವಾದ ಮೇಲೂ ಬೆಲೆ ನೋಡಲು ಬರುವ ಕಾರ್ಖಾನೆಯವರು ಬೇರೆ ಜಾತಿ. ಈ ಸಲ ಗಡುವಿನಲ್ಲಿ ಕಷ್ಟಪಟ್ಟವರು ಅವರು. ಮೇ ಮತ್ತು ನವೆಂಬರ್ ಎರಡನೇ ವಾರದಿಂದ ಅವರ ಬೆಲೆ ಪುಟಕ್ಕೆ 10ರ ಬದಲು 15 ಕೊಡಬೇಕೇ ಅಂತ ಈಗ ಲೆಕ್ಕ ಹಾಕುತ್ತಿದ್ದೇನೆ. ಅಂಥವರು ಇನ್ನೂ ಇಪ್ಪತ್ತು ಜನ ಆಗಿಲ್ಲ, ಹಾಗಾಗಿ 10 ಅಂತಲೇ ಇದೆ.